ಲ್ಯಾಬ್ ಸಾಫ್ಟ್‌ವೇರ್ ವೆಂಡರ್ ಜೊತೆ ಡೇಟಾ ಕರಾರು: ಯಾವ ಸಾಲನ್ನು, ಯಾವ ಕ್ರಮದಲ್ಲಿ ತಿದ್ದಬೇಕು

ನಿಮ್ಮ ಡೇಟಾವನ್ನು ವೆಂಡರ್ ಹೇಗೆ ನಿರ್ವಹಿಸಬೇಕೆಂದು ಹೇಳುವ ಡೇಟಾ ಪ್ರೊಸೆಸಿಂಗ್ ಕರಾರು ಕೆಡುವುದು ಸಾಮಾನ್ಯವಾಗಿ ಕೊನೆಯ ಎರಡು ಪುಟಗಳಲ್ಲಿ. ಮೊದಲ ಹತ್ತು ಪುಟಗಳನ್ನು ವಕೀಲರು ಓದಿ, ದರ ಮಾತಾಡಿ, ಸೀಲ್ ಒತ್ತಿರುತ್ತಾರೆ. ಹಿಂದೆ ಇರುವ ಅನುಬಂಧಗಳಲ್ಲಿ ‘ಡೇಟಾದ ವಿಧ’, ‘ಸಬ್-ಪ್ರೊಸೆಸರ್‌ಗಳ ಪಟ್ಟಿ’, ‘ಭದ್ರತಾ ಕ್ರಮಗಳು’ ಎಂಬ ತಲೆಬರಹಗಳ ಕೆಳಗೆ ಏನೂ ಇರುವುದಿಲ್ಲ, ಅಥವಾ ‘ಅನ್ವಯವಾಗುವಂತೆ’ ಎಂದಷ್ಟೇ ಇರುತ್ತದೆ. ಸಬ್-ಪ್ರೊಸೆಸರ್ ಎಂದರೆ ವೆಂಡರ್ ತನ್ನ ಕೆಲಸಕ್ಕೆ ಹಚ್ಚಿಕೊಂಡ ಬೇರೆ ಕಂಪನಿ. ಡೇಟಾ ಸೋರಿಕೆ ಆದ ದಿನ ಕೈಗೆ ಬೇಕಾಗುವುದು ಆ ಎರಡು ಪುಟಗಳೇ.

ಈ ಮಾರ್ಗದರ್ಶಿಗೆ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಮೂರು ಶಾಖೆಗಳಿರುವ ಒಂದು ರಕ್ತಪರೀಕ್ಷಾ ಲ್ಯಾಬ್. ಬೆಂಗಳೂರಿನ ಒಂದು ಕಂಪನಿಯ ಸಾಫ್ಟ್‌ವೇರಿನಲ್ಲಿ ರೋಗಿಗಳ ನೋಂದಣಿ, ಬಿಲ್, ರಿಪೋರ್ಟ್ ಎಲ್ಲವೂ ನಡೆಯುತ್ತವೆ. ರಿಪೋರ್ಟಿನ ಲಿಂಕ್ ರೋಗಿಯ ಮೊಬೈಲಿಗೆ ಹೋಗುತ್ತದೆ. ತಿಂಗಳಿಗೆ 15,000 ರೂಪಾಯಿ ಶುಲ್ಕ, ಮೂರು ವರ್ಷದ ಕರಾರು.

ಕಾನೂನಿನ ಲೆಕ್ಕ ಇಷ್ಟು. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ 2023ರ ಪ್ರಕಾರ ಇಲ್ಲಿ ಲ್ಯಾಬ್ ‘ಡೇಟಾ ಫಿಡ್ಯೂಷಿಯರಿ’, ಅಂದರೆ ಡೇಟಾವನ್ನು ಯಾಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವವರು. ವೆಂಡರ್ ‘ಡೇಟಾ ಪ್ರೊಸೆಸರ್’, ಅಂದರೆ ಅವರ ಪರವಾಗಿ ಡೇಟಾ ನಿರ್ವಹಿಸುವವರು. ಕಲಂ 8ರಂತೆ ವೆಂಡರ್ ಮಾಡಿದ ಕೆಲಸಕ್ಕೂ ಲ್ಯಾಬೇ ಹೊಣೆ. ಕರಾರಿನಲ್ಲಿ ಬೇರೆ ಏನೇ ಬರೆದುಕೊಂಡರೂ ಆ ಹೊಣೆ ತಪ್ಪುವುದಿಲ್ಲ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಭದ್ರತೆ, ಸೋರಿಕೆಯ ಸೂಚನೆ, ಡೇಟಾ ಅಳಿಸುವಿಕೆ ಕುರಿತ ನಿಯಮಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಈಗ ಸಹಿ ಬೀಳುವ ಮೂರು ವರ್ಷದ ಕರಾರು ಆ ದಿನವನ್ನು ದಾಟಿ ಹೋಗುತ್ತದೆ. ಹಾಗಾಗಿ ‘ಕಾಯ್ದೆ ಬಂದಮೇಲೆ ನೋಡೋಣ’ ಎನ್ನುವ ವೆಂಡರ್ ಮಾತಿಗೆ ಒಪ್ಪಬೇಡಿ.

## ಶುರುಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಮುಖ್ಯ ಕರಾರು, ಡೇಟಾ ಕರಾರು, ವೆಂಡರ್ ವೆಬ್‌ಸೈಟಿನ ಪ್ರೈವೆಸಿ ಪಾಲಿಸಿ ಮೂರನ್ನೂ ಪ್ರಿಂಟ್ ತೆಗೆದುಕೊಳ್ಳಿ. ಒಂದರಲ್ಲಿ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುವುದು ಮಾಮೂಲಿ. ಜೊತೆಗೆ ಒಂದು ಎಕ್ಸೆಲ್ ಶೀಟ್ ಮತ್ತು ಸಾಫ್ಟ್‌ವೇರಿನ ಡೆಮೊ ಲಾಗಿನ್ ಬೇಕು. ವಕೀಲರಿಗಿಂತ ಮುಂಚೆ ಕೌಂಟರಿನಲ್ಲಿ ಕೂರುವವರನ್ನೂ ರಿಪೋರ್ಟ್ ಟೈಪ್ ಮಾಡುವವರನ್ನೂ ಅರ್ಧ ಗಂಟೆ ಕೂರಿಸಿಕೊಳ್ಳಿ. ಡೇಟಾ ನಿಜವಾಗಿ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತು.

## ಹಂತ 1: ಯಾವ ಡೇಟಾ, ಯಾವ ಕೆಲಸಕ್ಕೆ ಎಂದು ಬರೆಯಿರಿ

ಮೊದಲ ಅನುಬಂಧದಲ್ಲಿ ‘ಗ್ರಾಹಕರ ಮಾಹಿತಿ’ ಎಂದಿದ್ದರೆ ಹೊಡೆದುಹಾಕಿ. ಹೆಸರು, ವಯಸ್ಸು, ಮೊಬೈಲ್, ವಿಳಾಸ, ಕಳಿಸಿದ ವೈದ್ಯರ ಹೆಸರು, ಪರೀಕ್ಷೆಯ ಫಲಿತಾಂಶ, ಬಿಲ್ ವಿವರ ಎಂದು ಬಿಡಿಬಿಡಿಯಾಗಿ ಬರೆಯಿರಿ. ಮಕ್ಕಳ ರಿಪೋರ್ಟ್‌ಗಳೂ ಇದರಲ್ಲಿವೆ ಎಂದು ಸೇರಿಸಿ.

ಅದರ ಪಕ್ಕದಲ್ಲೇ ಉದ್ದೇಶ ಬರಲಿ: ನೋಂದಣಿ, ಬಿಲ್ಲಿಂಗ್, ರಿಪೋರ್ಟ್ ತಯಾರಿ, ರಿಪೋರ್ಟ್ ತಲುಪಿಸುವುದು. ಅಷ್ಟೇ. ‘ಸೇವೆಯನ್ನು ಉತ್ತಮಪಡಿಸಲು’, ‘ವಿಶ್ಲೇಷಣೆಗಾಗಿ’, ‘ಹೆಸರು ತೆಗೆದು ಬಳಸಲು’ ಎಂಬ ಮಾತು ಕರಾರಿನಲ್ಲಿ ಎಲ್ಲೇ ಕಂಡರೂ ಅದು ಎಚ್ಚರಿಕೆಯ ಗಂಟೆ. ಹೆಸರು ತೆಗೆದರೂ ಊರು, ವಯಸ್ಸು, ಅಪರೂಪದ ಪರೀಕ್ಷೆ, ದಿನಾಂಕ ಒಟ್ಟಿಗೆ ಉಳಿದರೆ ಸಣ್ಣ ಊರಿನಲ್ಲಿ ಆ ವ್ಯಕ್ತಿ ಯಾರೆಂದು ಹೇಳುವುದು ಕಷ್ಟವಲ್ಲ.

## ಹಂತ 2: ಸಬ್-ಪ್ರೊಸೆಸರ್‌ಗಳನ್ನು ಹೆಸರು ಹಿಡಿದು ಕೇಳಿ

ಭದ್ರತೆಗಿಂತ ಮೊದಲು ಇದನ್ನು ಮಾಡಬೇಕು. ಡೇಟಾ ಯಾರ ಕೈಯಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ಯಾರ ಭದ್ರತೆಯನ್ನು ಪರೀಕ್ಷಿಸುತ್ತೀರಿ?

‘ನಿಮ್ಮ ಸಬ್-ಪ್ರೊಸೆಸರ್ ಯಾರು?’ ಎಂದು ಕೇಳಿದರೆ ವೆಂಡರ್ ಕ್ಲೌಡ್ ಕಂಪನಿಯ ಹೆಸರೊಂದನ್ನು ಹೇಳಿ ಮುಗಿಸುತ್ತಾನೆ. ಪ್ರಶ್ನೆಯನ್ನು ಕೆಲಸದ ಮೇಲೆ ಕೇಳಿ. ಸರ್ವರ್ ಯಾರದು? ಬ್ಯಾಕಪ್ ಎಲ್ಲಿ ಕೂತಿದೆ? ಎಸ್‌ಎಂಎಸ್, ವಾಟ್ಸಾಪ್ ಸಂದೇಶ ಯಾರ ಮೂಲಕ ಹೋಗುತ್ತದೆ? ನಾವು ದೂರು ಕೊಟ್ಟರೆ ಆ ಟಿಕೆಟ್ ಯಾವ ಸಾಫ್ಟ್‌ವೇರಿನಲ್ಲಿ ತೆರೆಯುತ್ತದೆ? ನಮ್ಮ ಕಂಪ್ಯೂಟರಿಗೆ ದೂರದಿಂದ ಲಾಗಿನ್ ಆಗುವ ಹುಡುಗರು ನಿಮ್ಮ ಸಂಬಳದವರೋ, ಬೇರೆ ಏಜೆನ್ಸಿಯವರೋ?

ಇವುಗಳಲ್ಲಿ ಟಿಕೆಟ್ ಪ್ರಶ್ನೆಯನ್ನು ಮರೆಯದೇ ಇರುವವರು ಕಡಿಮೆ. ರಿಪೋರ್ಟ್ ಪ್ರಿಂಟ್ ಆಗುತ್ತಿಲ್ಲ ಎಂದು ಟೆಕ್ನಿಶಿಯನ್ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. ಅದರಲ್ಲಿ ರೋಗಿಯ ಹೆಸರು, ಮೊಬೈಲ್, ಎಚ್‌ಐವಿ ಪರೀಕ್ಷೆಯ ಸಾಲು ಎಲ್ಲ ನಿಚ್ಚಳವಾಗಿ ಇರುತ್ತದೆ. ಆ ಚಿತ್ರ ವಿದೇಶದ ಯಾವುದೋ ಸರ್ವರ್‌ನಲ್ಲಿ ವರ್ಷಗಟ್ಟಲೆ ಕೂರುತ್ತದೆ. ಕರಾರು ಮುಗಿದು ಮುಖ್ಯ ಡೇಟಾಬೇಸ್ ಅಳಿಸಿದರೂ ಟಿಕೆಟ್ ಹಾಗೇ ಉಳಿದಿರುತ್ತದೆ.

ಪಟ್ಟಿಯಲ್ಲಿ ಪ್ರತಿ ಸಬ್-ಪ್ರೊಸೆಸರಿಗೂ ಹೆಸರು, ಕೆಲಸ, ಯಾವ ಡೇಟಾ, ಯಾವ ದೇಶ ಎಂಬ ನಾಲ್ಕು ಕಾಲಂ ಇರಲಿ. ದೇಶದ ಕಾಲಂ ಸುಮ್ಮನೆ ಅಲ್ಲ. ಕಾಯ್ದೆಯ ಕಲಂ 16ರಡಿ ಕೇಂದ್ರ ಸರ್ಕಾರ ಕೆಲವು ದೇಶಗಳಿಗೆ ಡೇಟಾ ಕಳಿಸುವುದನ್ನು ಅಧಿಸೂಚನೆ ಹೊರಡಿಸಿ ನಿರ್ಬಂಧಿಸಬಹುದು. ಹಾಗಾದ ದಿನ ನಿಮ್ಮ ಡೇಟಾ ಅಲ್ಲಿದೆಯೇ ಎಂದು ಹೇಳಲು ಬರಬೇಕು.

ನಂತರ ಕರಾರಿನ ಸಾಲು. ವೆಂಡರ್ ಕರಡಿನಲ್ಲಿ ಸಾಮಾನ್ಯವಾಗಿ ‘ಪಟ್ಟಿ ನಮ್ಮ ವೆಬ್‌ಸೈಟಿನಲ್ಲಿದೆ, ಕಾಲಕಾಲಕ್ಕೆ ಬದಲಾಗುತ್ತದೆ’ ಎಂದಿರುತ್ತದೆ. ಇದಕ್ಕೆ ಬದಲಾಗಿ ಈ ಅರ್ಥ ಬರುವಂತೆ ಬರೆಸಿ: ಹೊಸಬರನ್ನು ಸೇರಿಸುವ 30 ದಿನ ಮುಂಚೆ ಇಮೇಲ್ ಮೂಲಕ ತಿಳಿಸಬೇಕು, ಲ್ಯಾಬ್ ಆಕ್ಷೇಪಿಸಬಹುದು, ಪರಿಹಾರ ಸಿಗದಿದ್ದರೆ ಯಾವ ದಂಡವೂ ಇಲ್ಲದೆ ಕರಾರು ಮುಗಿಸಿ, ಮುಂಗಡ ಕೊಟ್ಟ ಶುಲ್ಕದಲ್ಲಿ ಉಳಿದದ್ದನ್ನು ವಾಪಸ್ ಪಡೆಯಬಹುದು, ಇದೇ ಷರತ್ತುಗಳು ಸಬ್-ಪ್ರೊಸೆಸರಿಗೂ ಲಿಖಿತವಾಗಿ ಅನ್ವಯಿಸಬೇಕು, ಅವರ ತಪ್ಪಿಗೆ ವೆಂಡರೇ ಹೊಣೆ. ಕರಾರು ಮುಗಿಸುವ ಹಕ್ಕಿಲ್ಲದ ಆಕ್ಷೇಪದಿಂದ ಉಪಯೋಗವಿಲ್ಲ. ‘ಆಕ್ಷೇಪವನ್ನು ಪರಿಗಣಿಸಲಾಗುವುದು’ ಎಂಬಲ್ಲಿಗೆ ಸಾಲು ನಿಂತರೆ ಏನೂ ಸಿಕ್ಕಂತಲ್ಲ.

## ಹಂತ 3: ಭದ್ರತೆಯ ಸಾಲುಗಳನ್ನು ಪರೀಕ್ಷಿಸಬಹುದಾದ ಮಾತಾಗಿಸಿ

‘ಉದ್ಯಮದ ಮಟ್ಟಕ್ಕೆ ತಕ್ಕ ಭದ್ರತೆ’ ಎಂಬ ಮಾತನ್ನು ಯಾರೂ ಅಳೆಯಲಾರರು. 2025ರ ನಿಯಮಗಳಲ್ಲಿ ನಿಯಮ 6 ಕನಿಷ್ಠ ಮಟ್ಟ ಏನೆಂದು ಹೇಳುತ್ತದೆ: ಡೇಟಾವನ್ನು ಸಂಕೇತವಾಗಿಸುವ ಎನ್‌ಕ್ರಿಪ್ಷನ್ ಅಥವಾ ಅದನ್ನು ಮರೆಮಾಡುವ ಮಾಸ್ಕಿಂಗ್‌ನಂಥ ಕ್ರಮ, ಯಾರು ಡೇಟಾ ನೋಡಬಹುದು ಎಂಬ ನಿಯಂತ್ರಣ, ಯಾರು ಯಾವಾಗ ಏನು ತೆರೆದರು ಎಂದು ದಾಖಲಿಸುವ ಲಾಗ್ ಇಟ್ಟು ಪರಿಶೀಲಿಸುವುದು, ಡೇಟಾ ಕೈತಪ್ಪಿದರೂ ಕೆಲಸ ನಡೆಯುವಂತೆ ಬ್ಯಾಕಪ್, ಲಾಗ್‌ಗಳನ್ನು ಒಂದು ವರ್ಷ ಉಳಿಸುವುದು. ಪ್ರೊಸೆಸರ್ ಜೊತೆಗಿನ ಕರಾರಿನಲ್ಲಿ ಭದ್ರತೆಯ ಷರತ್ತು ಇರಬೇಕೆಂದೂ ಅದೇ ನಿಯಮ ಹೇಳುತ್ತದೆ.

ಇದನ್ನು ನಿಮ್ಮ ಲ್ಯಾಬಿಗೆ ಇಳಿಸಿ. ವೆಂಡರ್ ಕಡೆಯ ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಲಾಗಿನ್ ಮತ್ತು ಒಟಿಪಿಯಂಥ ಎರಡನೇ ಬೀಗ ಇರಬೇಕು. ‘ಸಪೋರ್ಟ್’ ಎಂಬ ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಳ್ಳಬಾರದು. ಯಾರು ಯಾವ ರೋಗಿಯ ರಿಪೋರ್ಟ್ ತೆರೆದರು ಎಂಬುದು ಲಾಗ್‌ನಲ್ಲಿ ಬೀಳಬೇಕು. ಬ್ಯಾಕಪ್ ತೆಗೆದರೆ ಸಾಲದು, ಆರು ತಿಂಗಳಿಗೊಮ್ಮೆ ಅದರಿಂದ ಡೇಟಾ ಮರಳಿ ತಂದು ನೋಡಿ ದಿನಾಂಕ ಹಾಕಿದ ವರದಿ ಕೊಡಬೇಕು.

ಪ್ರಮಾಣಪತ್ರದ ವಿಷಯದಲ್ಲಿ ಎರಡು ತಪ್ಪು ಪದೇಪದೇ ಆಗುತ್ತವೆ. ಮೊದಲನೆಯದು, ಮಾಹಿತಿ ಭದ್ರತೆಗೆ ಕ್ಲೌಡ್ ಕಂಪನಿ ಪಡೆದ ಐಎಸ್‌ಒ 27001 ಪ್ರಮಾಣಪತ್ರವನ್ನೇ ವೆಂಡರ್ ತನ್ನದೆಂಬಂತೆ ತೋರಿಸುವುದು. ಕಟ್ಟಡ ಭದ್ರವಾಗಿದ್ದರೂ ಬಾಡಿಗೆದಾರ ತನ್ನ ಬಾಗಿಲು ತೆರೆದಿಟ್ಟು ಹೋಗಬಹುದು. ಎರಡನೆಯದು, ಪ್ರಮಾಣಪತ್ರ ವೆಂಡರದೇ ಆದರೂ ಅದರ ವ್ಯಾಪ್ತಿಯ ಸಾಲನ್ನು ಓದದೇ ಇರುವುದು. ವ್ಯಾಪ್ತಿಯಲ್ಲಿ ನೀವು ಕೊಳ್ಳುತ್ತಿರುವ ಸಾಫ್ಟ್‌ವೇರಿನ ಹೆಸರಿಲ್ಲದೆ, ಬೇರೊಂದು ಕಚೇರಿಯ ವಿಳಾಸ ಮಾತ್ರ ಇದ್ದರೆ ಆ ಕಾಗದದಿಂದ ನಿಮಗೆ ಪ್ರಯೋಜನವಿಲ್ಲ.

ಸಹಿಗೆ ಮುಂಚೆ ಡೆಮೊ ಲಾಗಿನ್‌ನಲ್ಲಿ ಒಂದು ಪರೀಕ್ಷೆ ಮಾಡಿ. ಇಬ್ಬರು ಸುಳ್ಳು ರೋಗಿಗಳನ್ನು ನೋಂದಾಯಿಸಿ, ಇಬ್ಬರ ರಿಪೋರ್ಟ್ ಲಿಂಕನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದು 48211 ಎಂದೂ ಇನ್ನೊಂದು 48212 ಎಂದೂ ಮುಗಿದು, ಒಟಿಪಿ ಕೇಳದೆ ಎರಡೂ ತೆರೆದರೆ, ಯಾರು ಬೇಕಾದರೂ ಅಂಕಿ ಬದಲಿಸಿ ಊರಿನವರ ರಿಪೋರ್ಟನ್ನೆಲ್ಲ ಓದಬಹುದು. ಅದು ಸರಿಯಾಗುವ ತನಕ ಸಹಿ ಮಾಡಬೇಡಿ. ನಿಜ ರೋಗಿಗಳ ಲಿಂಕಿನ ಮೇಲೆ ಈ ಪ್ರಯೋಗ ಮಾಡಲು ಮಾತ್ರ ಹೋಗಬೇಡಿ.

## ಹಂತ 4: ಸೋರಿಕೆಯ ಗಡಿಯಾರ ಯಾವಾಗ ಶುರುವಾಗುತ್ತದೆ?

ಜನ ಗಂಟೆಗಳ ಸಂಖ್ಯೆಯ ಮೇಲೆ ಜಗಳವಾಡುತ್ತಾರೆ, 72 ಬೇಡ 48 ಇರಲಿ ಎಂದು. ಪೆಟ್ಟು ಬೀಳುವುದು ಸಂಖ್ಯೆಯಿಂದಲ್ಲ, ಗಡಿಯಾರ ಶುರುವಾಗುವ ಕ್ಷಣದಿಂದ.

ಒಂದು ಶುಕ್ರವಾರ ರಾತ್ರಿ 9ಕ್ಕೆ ವೆಂಡರ್‌ನ ಎಂಜಿನಿಯರ್ ಬ್ಯಾಕಪ್ ಫೋಲ್ಡರ್ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್ಟಿಗೆ ತೆರೆದಿರುವುದನ್ನು ನೋಡಿದ ಎಂದುಕೊಳ್ಳಿ. ಕರಡಿನಲ್ಲಿರುವುದು ‘ಸೋರಿಕೆ ದೃಢಪಟ್ಟ 72 ಗಂಟೆಯೊಳಗೆ ತಿಳಿಸಲಾಗುವುದು’ ಎಂದು. ಶನಿವಾರ, ಭಾನುವಾರ ರಜೆ. ಸೋಮವಾರ ಬೆಳಗ್ಗೆ 11ಕ್ಕೆ ಮೀಟಿಂಗ್ ಕೂತು ‘ದೃಢ’ ಎಂದರು. ಈಗ ಗುರುವಾರ ಬೆಳಗ್ಗೆ 11ರ ತನಕ ನಿಮಗೆ ಹೇಳದೆ ಇದ್ದರೂ ಅವರು ಕರಾರು ಮುರಿದಂತಲ್ಲ. ನೋಡಿದ ಕ್ಷಣದಿಂದ 134 ಗಂಟೆ.

ನಿಮ್ಮ ತಲೆ ಮೇಲೆ ಇರುವ ಗಡಿಯಾರಗಳು ಎರಡು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಡೇಟಾ ಸೋರಿಕೆಯಂಥ ಘಟನೆ ಗಮನಕ್ಕೆ ಬಂದ ಅಥವಾ ತಂದ 6 ಗಂಟೆಯೊಳಗೆ incident@cert-in.org.in ವಿಳಾಸಕ್ಕೆ ವರದಿ ಹೋಗಬೇಕು. ಇದು ಈಗಾಗಲೇ ಜಾರಿಯಲ್ಲಿದೆ, ವೆಂಡರಿಗೂ ಅನ್ವಯಿಸುತ್ತದೆ. ಎರಡನೆಯದು ಡೇಟಾ ಸಂರಕ್ಷಣಾ ನಿಯಮ 7. ತೊಂದರೆಗೊಳಗಾದ ಪ್ರತಿಯೊಬ್ಬ ರೋಗಿಗೂ ಡೇಟಾ ಸಂರಕ್ಷಣಾ ಮಂಡಳಿಗೂ ತಡಮಾಡದೆ ತಿಳಿಸಬೇಕು. ಮಂಡಳಿಗೆ ಪೂರ್ಣ ವಿವರ, ಗೊತ್ತಾದ 72 ಗಂಟೆಯೊಳಗೆ. ವೆಂಡರಿಗೆ ಗೊತ್ತಾದ ಕ್ಷಣದಿಂದ ಎಣಿಸಬೇಕೋ ನಿಮಗೆ ಗೊತ್ತಾದಾಗಿನಿಂದಲೋ ಎಂದು ನಿಯಮ ಬಿಡಿಸಿ ಹೇಳಿಲ್ಲ. ಆದ್ದರಿಂದ ಎರಡರ ನಡುವಿನ ಅಂತರವನ್ನೇ ಕರಾರಿನಲ್ಲಿ ಕುಗ್ಗಿಸಿಬಿಡಿ.

ನಾನು ಬರೆಸುವುದು ಹೀಗೆ. ಅನುಮಾನ ಬಂದ 4 ಗಂಟೆಯೊಳಗೆ ಫೋನ್ ಮತ್ತು ಇಮೇಲ್ ಎರಡೂ ಬರಬೇಕು, ದೃಢಪಡುವ ತನಕ ಕಾಯುವಂತಿಲ್ಲ. 24 ಗಂಟೆಯೊಳಗೆ ಏನಾಯಿತು, ಯಾವ ಅವಧಿಯಲ್ಲಿ, ಯಾವ ರೋಗಿಗಳ ಯಾವ ಡೇಟಾ, ಏನು ಬಂದ್ ಮಾಡಿದ್ದೇವೆ ಎಂಬ ಬರಹ ಬರಬೇಕು. ಆಮೇಲೆ ತನಿಖೆ ಮುಗಿಯುವ ತನಕ ದಿನಕ್ಕೊಂದು ವರದಿ. ಇದೇ ಶುಕ್ರವಾರದ ಕಥೆಗೆ ಹಾಕಿ ನೋಡಿ. ತಡವೆಂದರೂ ಅದೇ ರಾತ್ರಿ 1ಕ್ಕೆ, ಅಂದರೆ ಶನಿವಾರ ಬೆಳಗಾಗುವ ಮುಂಚೆ, ನಿಮಗೆ ಫೋನ್ ಬರುತ್ತದೆ. ಬೆಳಗ್ಗೆ 7ರೊಳಗೆ ಸರ್ಟ್-ಇನ್‌ಗೆ ಮೇಲ್ ಹೋಗುತ್ತದೆ. ಶನಿವಾರ ರಾತ್ರಿ 9ಕ್ಕೆ ರೋಗಿಗಳ ಪಟ್ಟಿ ಕೈಗೆ ಸಿಗುತ್ತದೆ. ಕಠಿಣವಾಗಿ, ವೆಂಡರ್ ನೋಡಿದ ಕ್ಷಣದಿಂದಲೇ ಎಣಿಸಿದರೂ ಮಂಡಳಿಯ ಗಡುವು ಸೋಮವಾರ ರಾತ್ರಿ 9. ನಿಮ್ಮ ಹತ್ತಿರ ಪೂರ್ತಿ ಎರಡು ದಿನ ಉಳಿಯಿತು.

ವ್ಯಾಖ್ಯೆಯ ಪುಟವನ್ನೂ ನೋಡಿ. ಯುರೋಪಿನ ಕಾನೂನಿಗೆಂದು ಬರೆದ ನಮೂನೆಯನ್ನೇ ಇಲ್ಲಿ ತಂದು ಕೊಡುವವರು ಬಹಳ. ಅಲ್ಲಿ ‘ಜನರಿಗೆ ಅಪಾಯ ಆಗುವ ಸಾಧ್ಯತೆ ಇದ್ದರೆ’ ಎಂಬ ಜರಡಿ ಇರುತ್ತದೆ. ನಮ್ಮ ಕಾಯ್ದೆಯಲ್ಲಿ ಆ ಜರಡಿ ಇಲ್ಲ, ಸಣ್ಣ ಸೋರಿಕೆಯನ್ನೂ ತಿಳಿಸಬೇಕು. ಇನ್ನೊಂದು, ಇಲ್ಲಿ ಡೇಟಾ ಹೊರಗೆ ಹೋಗಲೇಬೇಕೆಂದಿಲ್ಲ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಡಿದು ರಿಪೋರ್ಟ್‌ಗಳು ತೆರೆಯದಂತಾದರೆ ಅದೂ ಕಾಯ್ದೆಯ ಲೆಕ್ಕದಲ್ಲಿ ಉಲ್ಲಂಘನೆಯೇ. ವೆಂಡರ್ ವ್ಯಾಖ್ಯೆಯಲ್ಲಿ ‘ಅನಧಿಕೃತವಾಗಿ ಬಹಿರಂಗವಾದರೆ’ ಎಂದಷ್ಟೇ ಇದ್ದರೆ ಕಾಯ್ದೆಯ ವ್ಯಾಖ್ಯೆಯನ್ನೇ ಅಲ್ಲಿ ಕೂರಿಸಿ.

ರೋಗಿಗಳಿಗೆ ಹೇಳುವವರು ಲ್ಯಾಬಿನವರೇ ಆಗಿರಬೇಕು, ವೆಂಡರ್ ನಿಮ್ಮನ್ನು ಕೇಳದೆ ಹೊರಗೆ ಬಾಯಿ ಬಿಡಬಾರದು ಎಂದೂ ಸೇರಿಸಿ. ಸೂಚನೆ ಬರುವ ವಿಳಾಸ ಬಿಲ್ ಬರುವ ಇಮೇಲ್ ಆಗಿರಬಾರದು. ರಾತ್ರಿಯೂ ಫೋನ್ ಎತ್ತುವ ಇಬ್ಬರ ಹುದ್ದೆ, ನಂಬರ್ ಅನುಬಂಧದಲ್ಲಿರಲಿ.

## ಹಂತ 5: ಬಿಡುವ ದಿನದ ಕೆಲಸವನ್ನು ಸೇರುವ ದಿನವೇ ಬರೆಯಿರಿ

ಡೇಟಾ ವಾಪಸ್ ಪಡೆಯುವುದು ಮೊದಲು, ಅಳಿಸುವುದು ಆಮೇಲೆ. ಕ್ರಮ ತಪ್ಪಿದರೆ ವಾಪಸ್ ಬರುವ ದಾರಿ ಇಲ್ಲ.

ಸಹಿಗೆ ಮುಂಚೆಯೇ ಡೆಮೊದಿಂದ ಒಮ್ಮೆ ಎಕ್ಸ್‌ಪೋರ್ಟ್ ಮಾಡಿಸಿ. ಹತ್ತು ಸಾವಿರ ಪಿಡಿಎಫ್ ಬಂದು, ಯಾವುದು ಯಾರದು ಎಂದು ಹೇಳುವ ಶೀಟ್ ಬಾರದಿದ್ದರೆ ಅದನ್ನು ಹೊಸ ಸಾಫ್ಟ್‌ವೇರಿಗೆ ಹಾಕಲಾಗುವುದಿಲ್ಲ. ರೋಗಿ ಸಂಖ್ಯೆಯೊಂದಿಗೆ ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಫೈಲ್, ಜೊತೆಗೆ ಅದೇ ಸಂಖ್ಯೆಯ ಹೆಸರಿರುವ ಪಿಡಿಎಫ್ ಎಂದು ಕರಾರಿನಲ್ಲೇ ಬರೆಸಿ. ‘ಬಾಕಿ ತೀರಿಸಿದ ನಂತರ ಡೇಟಾ ನೀಡಲಾಗುವುದು’ ಎಂಬ ಸಾಲಿದ್ದರೆ ತೆಗೆಸಲೇಬೇಕು. ಬಿಲ್ ಜಗಳಕ್ಕೆ ರೋಗಿಗಳ ರಿಪೋರ್ಟ್ ಒತ್ತೆಯಾಗಬಾರದು.

ದಿನಗಳ ಲೆಕ್ಕ ಹೀಗಿರಬಹುದು. ಕರಾರು ಮುಗಿದ ದಿನದಿಂದ 30 ದಿನ ಓದಲು ಮಾತ್ರ ಲಾಗಿನ್ ಇರುತ್ತದೆ. ಎಕ್ಸ್‌ಪೋರ್ಟ್ ಸರಿಯಿದೆ ಎಂದು ಲ್ಯಾಬ್ ಲಿಖಿತವಾಗಿ ಒಪ್ಪಿದ 15 ದಿನದೊಳಗೆ ಮುಖ್ಯ ಡೇಟಾಬೇಸ್, ಟಿಕೆಟ್ ಲಗತ್ತುಗಳು, ಸಂದೇಶ ಕಂಪನಿಯಲ್ಲಿರುವ ಪ್ರತಿ, ಎಂಜಿನಿಯರ್‌ಗಳ ಲ್ಯಾಪ್‌ಟಾಪಿನಲ್ಲಿರುವ ಟೆಸ್ಟ್ ಪ್ರತಿ ಎಲ್ಲ ಅಳಿಯಬೇಕು. ಬ್ಯಾಕಪ್‌ನಿಂದ ಒಬ್ಬ ಗ್ರಾಹಕರದ್ದನ್ನು ಮಾತ್ರ ಹೆಕ್ಕಿ ತೆಗೆಯುವುದು ನಿಜಕ್ಕೂ ಕಷ್ಟ. ಹಾಗಾಗಿ ಅದಕ್ಕೆ 90 ದಿನ ಕೊಡಿ. ಆ ನಡುವೆ ಬ್ಯಾಕಪ್ ಮರಳಿ ತಂದರೆ ನಿಮ್ಮ ಡೇಟಾವನ್ನು ಆಗಲೇ ಮತ್ತೆ ಅಳಿಸಬೇಕೆಂಬ ಷರತ್ತು ಇರಲಿ.

ಇಲ್ಲಿ ಒಂದು ಸಿಕ್ಕು ಇದೆ, ಹಳೆಯ ನಮೂನೆಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಹೊಸ ನಿಯಮ 8ರಂತೆ ಡೇಟಾವನ್ನೂ ಸಂಬಂಧಿಸಿದ ಲಾಗ್‌ಗಳನ್ನೂ ಸಂಸ್ಕರಣೆಯಾದ ದಿನದಿಂದ ಕನಿಷ್ಠ ಒಂದು ವರ್ಷ ಉಳಿಸಬೇಕು. ‘30 ದಿನದಲ್ಲಿ ಎಲ್ಲವನ್ನೂ ಅಳಿಸಿ’ ಎಂದು ಬರೆದರೆ ನಿಮ್ಮ ಕರ್ತವ್ಯಕ್ಕೆ ನೀವೇ ಕೊಡಲಿ ಹಾಕಿದಂತೆ. ಪರಿಹಾರ: ಎಕ್ಸ್‌ಪೋರ್ಟಿನ ಜೊತೆ ಕೊನೆಯ ಒಂದು ವರ್ಷದ ಲಾಗ್‌ಗಳನ್ನೂ ಲ್ಯಾಬಿಗೆ ಹಸ್ತಾಂತರಿಸಬೇಕು ಎಂದು ಬರೆಸಿ. ಲಾಗ್ ಕೊಡಲು ಬರುವುದಿಲ್ಲ ಎಂದರೆ ಅದನ್ನು ಪ್ರತ್ಯೇಕವಾಗಿ ಬೀಗ ಹಾಕಿ ಇಟ್ಟು, ವರ್ಷ ತುಂಬಿದ ಮೇಲೆ ಅಳಿಸಬೇಕು. ಅಲ್ಲಿಯ ತನಕ ಈ ಕರಾರಿನ ಭದ್ರತೆ ಮತ್ತು ಸೋರಿಕೆ ಷರತ್ತುಗಳು ಜೀವಂತ ಇರಬೇಕು.

ಅಳಿಸಿದ ಪ್ರಮಾಣಪತ್ರ ಒಂದು ಸಾಲಿನದ್ದಾಗಬಾರದು. ಯಾವ ವ್ಯವಸ್ಥೆ, ಯಾವ ದಿನಾಂಕ, ಯಾವ ವಿಧಾನ, ಯಾವ ಸಬ್-ಪ್ರೊಸೆಸರ್ ಖಚಿತಪಡಿಸಿದ್ದಾರೆ, ಏನು ಉಳಿದಿದೆ, ಯಾಕೆ, ಎಂದಿನ ತನಕ ಎಂಬುದೆಲ್ಲ ಬರಬೇಕು. ಹಂತ 2ರ ಪಟ್ಟಿಯನ್ನು ಪಕ್ಕದಲ್ಲಿಟ್ಟು ಟಿಕ್ ಹಾಕುತ್ತಾ ಓದಿ. ವಾರದ ನಂತರ ಹಳೆಯ ರಿಪೋರ್ಟಿನ ಲಿಂಕೊಂದನ್ನು ಮೊಬೈಲಿನಲ್ಲಿ ಒತ್ತಿ ನೋಡಿ. ತೆರೆದರೆ ಪ್ರಮಾಣಪತ್ರ ಸುಳ್ಳು.

## ಹಂತ 6: ಮಿತಿ ಮತ್ತು ಯಾವುದು ಮೇಲು ಎಂಬ ಸಾಲು

ಇಷ್ಟೆಲ್ಲ ಗೆದ್ದ ಮೇಲೆ ಮುಖ್ಯ ಕರಾರಿಗೆ ಮರಳಿ. ‘ವೆಂಡರ್‌ನ ಒಟ್ಟು ಹೊಣೆ ಹಿಂದಿನ ಮೂರು ತಿಂಗಳ ಶುಲ್ಕ ಮೀರದು’ ಎಂದಿದ್ದರೆ ನಮ್ಮ ಲ್ಯಾಬಿಗೆ ಸಿಗುವುದು 45,000 ರೂಪಾಯಿ. ಭದ್ರತಾ ಕ್ರಮ ಕೈಗೊಳ್ಳದ್ದಕ್ಕೆ ಕಾಯ್ದೆಯಲ್ಲಿರುವ ದಂಡದ ಗರಿಷ್ಠ ಮಿತಿ 250 ಕೋಟಿ, ಸೋರಿಕೆ ತಿಳಿಸದಿದ್ದರೆ 200 ಕೋಟಿ. ಸಣ್ಣ ಲ್ಯಾಬಿಗೆ ಅಷ್ಟು ಬೀಳುತ್ತದೆಂದಲ್ಲ. ಆದರೆ ತನಿಖೆ, ರೋಗಿಗಳಿಗೆ ಸಂದೇಶ, ವಕೀಲರ ಶುಲ್ಕ ಇಷ್ಟಕ್ಕೇ 45,000 ಸಾಲದು. ಡೇಟಾ ಷರತ್ತುಗಳ ಉಲ್ಲಂಘನೆಗೆ ಬೇರೆ, ದೊಡ್ಡ ಮಿತಿ ಕೇಳಿ. ಎರಡು ಕರಾರುಗಳ ನಡುವೆ ವಿರೋಧ ಬಂದರೆ ಡೇಟಾ ಕರಾರೇ ಮೇಲು ಎಂದು ಬರೆಸಿ.

## ವೆಂಡರ್ ಒಪ್ಪದಿದ್ದರೆ

ದೊಡ್ಡ ಕ್ಲೌಡ್ ಕಂಪನಿಗಳು ನಿಮಗಾಗಿ ಒಂದಕ್ಷರವನ್ನೂ ಬದಲಿಸುವುದಿಲ್ಲ. ಅಲ್ಲಿ ಮಾಡಬಹುದಾದದ್ದು ಸಬ್-ಪ್ರೊಸೆಸರ್ ಬದಲಾವಣೆಯ ಇಮೇಲ್‌ಗೆ ಚಂದಾದಾರರಾಗುವುದು, ಭದ್ರತಾ ಸೂಚನೆಗೆ ಸರಿಯಾದ ವಿಳಾಸ ಕೊಡುವುದು, ಲಾಗ್ ಉಳಿಸುವ ಅವಧಿಯನ್ನು ಸೆಟ್ಟಿಂಗ್‌ನಲ್ಲೇ ಏರಿಸುವುದು. ಬೆಂಗಳೂರಿನ ಮಧ್ಯಮ ಗಾತ್ರದ ವೆಂಡರ್ ಮಾತ್ರ ಮಾತುಕತೆಗೆ ಬಗ್ಗುತ್ತಾನೆ. ಎಲ್ಲವೂ ಸಿಗದಿದ್ದರೆ ಸೋರಿಕೆ ಮಿತಿಯನ್ನು 4ರಿಂದ 12 ಗಂಟೆಗೆ ಏರಿಸಲು ಒಪ್ಪಿ, ಆದರೆ ‘ಅನುಮಾನ ಬಂದ’ ಎಂಬ ಪದವನ್ನು ಬಿಡಬೇಡಿ. ಸಬ್-ಪ್ರೊಸೆಸರ್ ಸೂಚನೆ 30ರಿಂದ 15 ದಿನಕ್ಕೆ ಇಳಿಯಬಹುದು, ಹೊರಬರುವ ಹಕ್ಕು ಇಳಿಯುವಂತಿಲ್ಲ. ಹಳೆಯ ಕರಾರು ಇನ್ನೂ ಚಾಲ್ತಿಯಲ್ಲಿದ್ದರೆ ನವೀಕರಣದ ತನಕ ಕಾಯದೆ ಈ ಆರು ಹಂತಗಳನ್ನೇ ಎರಡು ಪುಟದ ತಿದ್ದುಪಡಿ ಪತ್ರವಾಗಿ ಕಳಿಸಿ. ನವೀಕರಣದ ಬಿಲ್ ಬರುವ ಒಂದೆರಡು ತಿಂಗಳು ಮುಂಚೆ ಕಳಿಸಿದರೆ ಉತ್ತರ ಬೇಗ ಬರುತ್ತದೆ.